ಕೆನ್ನೆಯ ಚರ್ಮದಿಂದ ಹೊಸ ಮೂಗು: ಸುಶ್ರುತನ ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತಿತ್ತು?

ಪ್ರಶ್ನೆ: ಕತ್ತರಿಸಿ ಹೋದ ಮೂಗನ್ನು ಸುಶ್ರುತ ಮತ್ತೆ ಮಾಡಿಕೊಡುತ್ತಿದ್ದ ಅಂತ ವಾಟ್ಸಾಪಿನಲ್ಲಿ ಆಗಾಗ ಬರುತ್ತೆ. ಆಗ ಅರಿವಳಿಕೆ ಇಲ್ಲ, ಆಂಟಿಬಯೋಟಿಕ್ ಇಲ್ಲ. ಹಾಗಿದ್ರೆ ಅದು ಹೇಗೆ ಸಾಧ್ಯ ಆಯ್ತು? ಬರೀ ಸೊಪ್ಪು, ಬೇರು ನಂಬಿಕೊಂಡು ಅಷ್ಟು ದೊಡ್ಡ ಕೆಲಸ ನಡೀತಿತ್ತಾ?

ಉತ್ತರ:

ಸಾಧ್ಯವಾಯಿತು. ಆದರೆ ಅದಕ್ಕೆ ಮುಖ್ಯ ಕಾರಣ ಸೊಪ್ಪೂ ಅಲ್ಲ, ಬೇರೂ ಅಲ್ಲ. ಹೊಸ ಮೂಗಿಗೆ ಬೇಕಾದ ಚರ್ಮವನ್ನು ಅವರು ಪೂರ್ತಿ ಕಿತ್ತು ತೆಗೆಯುತ್ತಿರಲಿಲ್ಲ. ಒಂದು ಕಡೆ ಮುಖಕ್ಕೆ ಅಂಟಿಕೊಂಡಿರುವಂತೆಯೇ ಬಿಡುತ್ತಿದ್ದರು. ಆ ಒಂದು ಕಡೆಯಿಂದ ರಕ್ತ ಹರಿದು ಬರುತ್ತಿದ್ದುದರಿಂದ ಚರ್ಮ ಬದುಕುತ್ತಿತ್ತು. ಔಷಧಿ, ಪಥ್ಯ, ಪಟ್ಟಿ ಎಲ್ಲ ಇದ್ದದ್ದು ಆ ರಕ್ತದ ದಾರಿ ಕೆಡದಂತೆ, ಗಾಯ ಕೊಳೆಯದಂತೆ ನೋಡಿಕೊಳ್ಳುವುದಕ್ಕೆ.

ಮೊದಲು ಪುಸ್ತಕದ ವಿಷಯ ಹೇಳಿಬಿಡುತ್ತೇನೆ. ಸುಶ್ರುತ ಸಂಹಿತೆ ಒಬ್ಬನೇ ಒಂದೇ ಸಲ ಕೂತು ಬರೆದ ಗ್ರಂಥ ಅಲ್ಲ. ಅದರ ಹಳೆಯ ಪದರ ಕ್ರಿಸ್ತಪೂರ್ವ ಕಾಲದ್ದು. ಆಮೇಲೆ ಹಲವು ಕೈ ಸೇರಿ, ಸುಮಾರು ಕ್ರಿ.ಶ. 500ರ ಹೊತ್ತಿಗೆ ಈಗಿನ ರೂಪಕ್ಕೆ ಬಂತು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ನೇಪಾಳದಲ್ಲಿ ಇದರ ಒಂದು ತಾಳೆಗರಿ ಪ್ರತಿ ಇದೆ. ಅದರ ಕಾಲ ಕ್ರಿ.ಶ. 878. ಕಾಶಿಯ ರಾಜ ದಿವೋದಾಸ ಧನ್ವಂತರಿ ತನ್ನ ಶಿಷ್ಯರಿಗೆ ಪಾಠ ಹೇಳುವ ರೀತಿಯಲ್ಲಿ ಪುಸ್ತಕ ಸಾಗುತ್ತದೆ. ಕೇಳುತ್ತಾ ಕೂತ ಶಿಷ್ಯರಲ್ಲಿ ಸುಶ್ರುತ ಒಬ್ಬ. ಅಂದರೆ ಇದು ನಿಜವಾದ ಅರ್ಥದಲ್ಲಿ ಪಠ್ಯಪುಸ್ತಕ. ಮೂಗಿನ ವಿಷಯ ಮೊದಲ ಭಾಗವಾದ ಸೂತ್ರಸ್ಥಾನದ 16ನೇ ಅಧ್ಯಾಯದ ಕೊನೆಯಲ್ಲಿದೆ. ಆ ಅಧ್ಯಾಯದ ಹೆಚ್ಚಿನ ಪಾಲು ಹರಿದ ಕಿವಿ ಜೋಡಿಸುವುದರ ಬಗ್ಗೆ. ಭಾರದ ಓಲೆ ಹಾಕಿ ಕಿವಿಯ ಹಾಲೆ ಹರಿಯುವುದು ಆಗ ದಿನನಿತ್ಯದ ಸಮಸ್ಯೆ. ಅದನ್ನು ಕೂಡಿಸಲು 15 ಬಗೆಗಳನ್ನು ಹೇಳಿದ ಮೇಲೆ ಮೂಗಿಗೆ ಸಿಗುವುದು ಬರೀ ನಾಲ್ಕೈದು ಶ್ಲೋಕ. ನನ್ನ ಮಟ್ಟಿಗೆ ಇದೇ ದೊಡ್ಡ ಸುಳಿವು. ಕಿವಿಯ ಮೇಲೆ ಮತ್ತೆ ಮತ್ತೆ ಕೆಲಸ ಮಾಡಿ ಕೈ ಪಳಗಿದವರೇ ಮೂಗಿಗೆ ಕೈ ಹಾಕಿದ್ದಾರೆ.

ಆ ಶ್ಲೋಕಗಳು ಹೇಳುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ಎಲೆ ತಗೋಬೇಕು. ಹೋದ ಮೂಗಿನ ಜಾಗಕ್ಕೆ ಹಿಡಿದು, ಅದರ ಅಳತೆಗೆ ಸರಿಯಾಗಿರುವ ಎಲೆ. ಮೂಗು ಉಬ್ಬಿದ ಆಕಾರ, ಕೆನ್ನೆ ಚಪ್ಪಟೆ. ಉಬ್ಬಿದ್ದನ್ನು ಮುಚ್ಚಲು ಎಷ್ಟು ಚಪ್ಪಟೆ ಚರ್ಮ ಬೇಕು ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಎಲೆ ಬಗ್ಗುತ್ತದೆ. ಮೂಗಿನ ಜಾಗದ ಮೇಲೆ ಬಗ್ಗಿಸಿ ನೋಡಿ, ಆಮೇಲೆ ಕೆನ್ನೆಯ ಮೇಲೆ ಹರಡಿದರೆ ಅಳತೆ ಸಿಕ್ಕಿತು. ಇವತ್ತೂ ನಾವು ಶಸ್ತ್ರಚಿಕಿತ್ಸಕರು ಇದೇ ಕೆಲಸವನ್ನು ಹೊಲಿಗೆ ದಾರ ಬರುವ ತೆಳು ಫಾಯಿಲ್ ಕವರಿನಿಂದ ಮಾಡುತ್ತೇವೆ.

ಆಮೇಲೆ ಆ ಅಳತೆಗೆ ಕೆನ್ನೆಯ ಪಕ್ಕದಿಂದ ಮಾಂಸಸಹಿತ ಚರ್ಮವನ್ನು ಕೊಯ್ದು ಎಬ್ಬಿಸಬೇಕು, ಒಂದು ಕಡೆ ಅಂಟಿಕೊಂಡಿರುವಂತೆ. ಇನ್ನೊಂದು ಕಡೆ, ಮೂಗಿನ ಉಳಿದ ಅಂಚನ್ನು ಕೆರೆಯಬೇಕು. ಈ ಕೆರೆಯುವ ಮಾತನ್ನು ಓದುವವರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಆದರೆ ಕೆಲಸ ನಿಂತಿರುವುದೇ ಅದರ ಮೇಲೆ. ಮಾಯ್ದು ಚರ್ಮ ಮುಚ್ಚಿಕೊಂಡ ಹಳೆಯ ಅಂಚಿಗೆ ಹೊಸ ಚರ್ಮ ಎಷ್ಟು ಒತ್ತಿ ಹೊಲಿದರೂ ಕೂಡಿಕೊಳ್ಳುವುದಿಲ್ಲ. ಹಸಿ ಗಾಯಕ್ಕೆ ಹಸಿ ಗಾಯ ತಾಗಬೇಕು. ಅದಕ್ಕೇ ಮಾಯ್ದ ಅಂಚನ್ನು ರಕ್ತ ಒಸರುವಷ್ಟು ಕೆರೆದು, ಆಮೇಲೆ ಚರ್ಮವನ್ನು ಬೇಗ, ಎಚ್ಚರಿಕೆಯಿಂದ, ಚೆನ್ನಾಗಿ ಕಟ್ಟಿ ಕೂಡಿಸಬೇಕು ಅನ್ನುತ್ತದೆ ಗ್ರಂಥ.

ಸರಿಯಾಗಿ ಕೂತಿದೆ ಅಂತ ನೋಡಿಕೊಂಡ ಮೇಲೆ ಎರಡು ಕೊಳವೆಗಳನ್ನು ಒಳಗಿಟ್ಟು ಮೂಗನ್ನು ಮೇಲೆತ್ತಬೇಕು. ಕೊಳವೆ ಉಸಿರಾಟಕ್ಕೂ ಹೌದು, ಆಕಾರಕ್ಕೂ ಹೌದು. ಹೊಸ ಚರ್ಮಕ್ಕೆ ಒಳಗಿನಿಂದ ಆಸರೆ ಇಲ್ಲ. ಬಿಟ್ಟರೆ ಕುಸಿಯುತ್ತದೆ, ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಮೇಲೆ ಮೂರು ಪುಡಿ ಉದುರಿಸಬೇಕು: ಸಪ್ಪಂಗದ ಚಕ್ಕೆ, ಜೇಷ್ಠಮಧು ಮತ್ತು ರಸಾಂಜನ. ಅದರ ಮೇಲೆ ಬಿಳಿ ಹತ್ತಿ. ಹತ್ತಿಯ ಮೇಲೆ ಆಗಾಗ ಎಳ್ಳೆಣ್ಣೆ ಹನಿಸುತ್ತಿರಬೇಕು. ರೋಗಿಗೆ ತುಪ್ಪ ಕುಡಿಸಿ, ಜೀರ್ಣವಾದ ಮೇಲೆ ಭೇದಿಗೆ ಕೊಡಬೇಕು.

ಕೊನೆಯ ಮಾತು ಬಹಳ ಮುಖ್ಯ. ಚರ್ಮ ಕೂಡಿಕೊಂಡು ಮಾಯ್ದ ಮೇಲೆ, ಕೆನ್ನೆಗೆ ಅಂಟಿಕೊಂಡಿದ್ದ ಉಳಿದ ಭಾಗವನ್ನು ಕತ್ತರಿಸಬೇಕು. ಮೂಗು ಚಿಕ್ಕದಾಯಿತು ಅನ್ನಿಸಿದರೆ ಬೆಳೆಸಲು ಪ್ರಯತ್ನಿಸಬೇಕು. ಮಾಂಸ ಜಾಸ್ತಿಯಾದರೆ ಸಮ ಮಾಡಬೇಕು.

ಮಲ್ಲಿಗೆ ಬಳ್ಳಿ ಬೆಳೆಸುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬಳ್ಳಿಯನ್ನು ತಾಯಿಗಿಡದಿಂದ ಕತ್ತರಿಸದೆಯೇ ಬಗ್ಗಿಸಿ ಮಣ್ಣಲ್ಲಿ ಹೂಳುತ್ತಾರೆ. ಬೇರು ಬಿಡುವ ತನಕ ತಾಯಿಗಿಡವೇ ಅದಕ್ಕೆ ನೀರುಣಿಸುತ್ತದೆ. ಬೇರು ಬಂದ ಮೇಲೆ ಕತ್ತರಿಸುತ್ತಾರೆ. ಮುಖದ ಚರ್ಮದಲ್ಲೂ ಹಾಗೆಯೇ. ಕೂಡಿಸಿದ ಮೂರ್ನಾಲ್ಕು ದಿನಕ್ಕೆ ಮೂಗಿನ ಅಂಚಿನಿಂದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹೊಸ ಚರ್ಮದೊಳಗೆ ಇಳಿಯಲು ಶುರುವಾಗುತ್ತವೆ. ಎರಡು ಮೂರು ವಾರದಲ್ಲಿ ಅವೇ ಇಡೀ ಚರ್ಮವನ್ನು ಸಾಕುವಷ್ಟು ಬಲಿಯುತ್ತವೆ. ಆಗ ಕೆನ್ನೆಗೆ ಅಂಟಿಕೊಂಡಿದ್ದ ಭಾಗವನ್ನು, ಅಂದರೆ ಹಳೆಯ ಸೇತುವೆಯನ್ನು ಕತ್ತರಿಸಿದರೂ ಮೂಗು ಬದುಕುತ್ತದೆ. ಅದಕ್ಕಿಂತ ಮೊದಲೇ ಕತ್ತರಿಸಿದರೆ ಕಪ್ಪಾಗಿ ಉದುರಿಹೋಗುತ್ತದೆ.

ಕೆಡುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಇದಕ್ಕೆ ಯಂತ್ರ ಬೇಡ, ಕಣ್ಣು ಮತ್ತು ಬೆರಳು ಸಾಕು. ಚರ್ಮ ಬಿಳಿಚಿ ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಯಾಗಿ ಊದಿಕೊಂಡರೆ ಬಂದ ರಕ್ತ ಹೊರಗೆ ಹೋಗುತ್ತಿಲ್ಲ. ಎರಡಕ್ಕೂ ಸಾಮಾನ್ಯ ಕಾರಣ ಸೇತುವೆಯನ್ನು ಜಾಸ್ತಿ ತಿರುಚಿದ್ದು, ಇಲ್ಲವೇ ಪಟ್ಟಿ ಬಿಗಿಯಾದದ್ದು. ಗ್ರಂಥವೂ ಕಿವಿ ಕೂಡಿಸುವಾಗ ದಾರ ತೀರ ಬಿಗಿಯೂ ಆಗಬಾರದು, ತೀರ ಸಡಿಲವೂ ಆಗಬಾರದು ಅಂತ ಎಚ್ಚರಿಸುತ್ತದೆ. ಸೇತುವೆ ಕತ್ತರಿಸುವ ಕಾಲ ಬಂತೇ ಅಂತ ನೋಡಲು ಅದನ್ನು ಬೆರಳಲ್ಲಿ ಒತ್ತಿ ಹಿಡಿಯಬಹುದು. ಒತ್ತಿದರೂ ಮೂಗಿನ ಬಣ್ಣ ಹಾಗೇ ಕೆಂಪಾಗಿ ಉಳಿದರೆ ಅದು ತನ್ನ ಕಾಲ ಮೇಲೆ ನಿಂತಿದೆ ಅಂತ. ಇದು ಇವತ್ತಿನ ಪರೀಕ್ಷೆ. ಸುಶ್ರುತ ಇದನ್ನು ಹೇಳಿಲ್ಲ. ಅವನು ಬರೀ ಮಾಯ್ದ ಮೇಲೆ ಅನ್ನುತ್ತಾನೆ.

ನೋವಿನ ಮಾತಿಗೆ ಬರೋಣ. ಈಗಿನ ಅರ್ಥದ ಅರಿವಳಿಕೆ ಇರಲಿಲ್ಲ. ಶಸ್ತ್ರ ಹಾಕುವ ಮೊದಲು ರೋಗಿಗೆ ಇಷ್ಟವಾದ ಊಟ ಕೊಡಬೇಕು, ಕುಡಿಯುವ ಅಭ್ಯಾಸ ಇದ್ದವರಿಗೆ, ನೋವು ತಡೆಯದವರಿಗೆ ತೀಕ್ಷ್ಣವಾದ ಮದ್ಯ ಕೊಡಬೇಕು ಅನ್ನುತ್ತದೆ ಸೂತ್ರಸ್ಥಾನ. ಉಂಡವನು ಮೂರ್ಛೆ ಹೋಗುವುದಿಲ್ಲ, ಅಮಲಿನಲ್ಲಿದ್ದವನಿಗೆ ಶಸ್ತ್ರ ತಿಳಿಯುವುದಿಲ್ಲ ಅನ್ನುವುದು ಅದರ ಕಾರಣ. ಆದರೆ ಹೊಟ್ಟೆಯ ರೋಗ, ಮೂಲವ್ಯಾಧಿ, ಮೂತ್ರದ ಕಲ್ಲು, ಅಡ್ಡಸಿಕ್ಕ ಗರ್ಭ, ಬಾಯಿಯ ರೋಗ ಇಂಥವುಗಳಲ್ಲಿ ಬರಿಹೊಟ್ಟೆಯಲ್ಲೇ ಮಾಡಬೇಕು ಅಂತ ಬೇರೆ ನಿಯಮ ಇದೆ. ಮದ್ಯದಿಂದ ನೋವು ಸ್ವಲ್ಪ ಮಂದವಾಗುತ್ತಿತ್ತು ಅಷ್ಟೇ, ಹೋಗುತ್ತಿರಲಿಲ್ಲ. ಹಾಗಾಗಿ ನಿಜವಾದ ನೋವು ನಿವಾರಕ ವೈದ್ಯನ ವೇಗ. ಕೈ ನಡುಗಬಾರದು, ಒಂದೇ ಎಳೆತಕ್ಕೆ ಕೊಯ್ಯಬೇಕು.

ಆ ಕೈ ಬರುತ್ತಿದ್ದುದು ಹೇಗೆ ಅನ್ನುವುದಕ್ಕೆ ಒಂದು ಇಡೀ ಅಧ್ಯಾಯ ಇದೆ, ಸೂತ್ರಸ್ಥಾನದ ಒಂಬತ್ತನೆಯದು. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು. ಎಷ್ಟೇ ಓದಿದ್ದರೂ ಕೈಕೆಲಸ ಅಭ್ಯಾಸ ಮಾಡದವನು ಶಸ್ತ್ರಚಿಕಿತ್ಸೆಗೆ ಯೋಗ್ಯನಲ್ಲ ಅಂತ ಶುರುವಾಗುತ್ತದೆ. ಕತ್ತರಿಸುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಯ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಅಥವಾ ಕೆಸರು ತುಂಬಿದ ಚರ್ಮದ ಚೀಲದ ಮೇಲೆ. ಕೆರೆಯುವುದನ್ನು ಕೂದಲಿರುವ ಚರ್ಮದ ಮೇಲೆ. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆ ದಂಟಿನ ಮೇಲೆ. ಗಾಯದೊಳಗಿನ ಕೊಳವೆ ಎಲ್ಲಿಗೆ ಹೋಗುತ್ತದೆ ಅಂತ ಸಲಾಕೆಯಿಂದ ಹುಡುಕುವುದನ್ನು ಹುಳು ತಿಂದ ಮರದ ಮೇಲೆ. ಒಳಗೆ ಸಿಕ್ಕಿದ್ದನ್ನು ಎಳೆದು ತೆಗೆಯುವುದನ್ನು ಹಲಸಿನ ತೊಳೆ, ಬಿಲ್ವದ ತಿರುಳು ಮತ್ತು ಸತ್ತ ಪ್ರಾಣಿಯ ಹಲ್ಲಿನ ಮೇಲೆ. ಹೊಲಿಯುವುದನ್ನು ದಪ್ಪ ಬಟ್ಟೆ, ಮೆತ್ತಗಿನ ಚರ್ಮದ ಅಂಚಿನ ಮೇಲೆ. ಪಟ್ಟಿ ಕಟ್ಟುವುದನ್ನು ಮನುಷ್ಯನ ಆಕಾರದ ಗೊಂಬೆಯ ಕೈಕಾಲಿಗೆ ಕಟ್ಟಿ ಕಲಿಯಬೇಕು.

ಇದನ್ನು ಓದಿದರೆ ಒಂದು ಗೊತ್ತಾಗುತ್ತದೆ. ಪ್ರತಿಯೊಂದು ವಸ್ತುವನ್ನೂ ಅದರ ಸ್ಪರ್ಶಕ್ಕಾಗಿ ಆರಿಸಿದ್ದಾರೆ. ನೀರು ತುಂಬಿದ ಚೀಲವನ್ನು ಸೀಳಿದಾಗ ಒಳಗಿನ ಒತ್ತಡ ತಟ್ಟನೆ ಬಿಟ್ಟುಕೊಳ್ಳುವುದು ಕೀವು ತುಂಬಿದ ಕುರುವನ್ನು ಸೀಳಿದಾಗ ಸಿಗುವ ಅನುಭವವೇ. ಹುಳು ತಿಂದ ಮರದಲ್ಲಿ ಸಲಾಕೆ ತೂರಿಸಿದಾಗ ದಾರಿ ತಿರುಗುವುದು ಭಗಂದರದ, ಅಂದರೆ ಗುದದ ಪಕ್ಕದಲ್ಲಿ ಆಗುವ ಕೀವಿನ ಕೊಳವೆಯ ಒಳದಾರಿಯ ಹಾಗೆಯೇ. ಕೈಯಿಂದ ಕೆಲಸ ಮಾಡಿದವರು ಮಾತ್ರ ಇಂಥ ಪಟ್ಟಿ ಬರೆಯಲು ಸಾಧ್ಯ. ಸುಮ್ನೆ ಕೂತು ಕಲ್ಪಿಸಿ ಬರೆಯುವಂಥದ್ದಲ್ಲ.

ಈಗ ನೀವು ಕೇಳಿದ ಸೊಪ್ಪು, ಬೇರು. ಮೂಗಿನ ಮೇಲೆ ಉದುರಿಸಿದ ಮೂರನ್ನೇ ತಗೊಳ್ಳೋಣ. ಸಪ್ಪಂಗ ಕೆಂಪು ಬಣ್ಣದ ಮರ. ಕೇರಳದ ಹೋಟೆಲಿನಲ್ಲಿ ಕುಡಿಯಲು ಕೊಡುವ ಕೆಂಪು ನೀರಿನ ಚಕ್ಕೆ ಅದೇ. ಅದರಲ್ಲಿ ಒಗರಿನ ಅಂಶ ಇದೆ. ಒಗರು ಪದಾರ್ಥಗಳು ಗಾಯದ ಮೇಲಿನ ಪ್ರೋಟೀನನ್ನು ಗಟ್ಟಿ ಮಾಡಿ, ಒಸರುವ ರಕ್ತ ಮತ್ತು ನೀರನ್ನು ಕಡಿಮೆ ಮಾಡುತ್ತವೆ. ರಸಾಂಜನ ಅಂದರೆ ದಾರುಹರಿದ್ರೆಯ ಕಷಾಯವನ್ನು ಬತ್ತಿಸಿ ಮಾಡಿದ ಗಟ್ಟಿ ಸಾರ. ಅದರಲ್ಲಿರುವ ಬರ್ಬೆರಿನ್ ಎಂಬ ಹಳದಿ ವಸ್ತು ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆ ತಡೆಯುತ್ತದೆ ಅಂತ ಪ್ರಯೋಗಶಾಲೆಯಲ್ಲಿ ಕಂಡಿದ್ದೇವೆ. ಜೇಷ್ಠಮಧುವಿಗೆ ಉರಿ, ಊತ ತಗ್ಗಿಸುವ ಗುಣ ಇದೆ. ಎಳ್ಳೆಣ್ಣೆ ಹನಿಸುತ್ತಿದ್ದರೆ ಹತ್ತಿ ಗಾಯಕ್ಕೆ ಒಣಗಿ ಅಂಟಿಕೊಳ್ಳುವುದಿಲ್ಲ. ಪಟ್ಟಿ ಬಿಚ್ಚುವಾಗ ಹೊಸದಾಗಿ ಹುಟ್ಟುತ್ತಿರುವ ಚರ್ಮ ಕಿತ್ತು ಬರುವುದಿಲ್ಲ. ಈ ಕೊನೆಯದೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು.

ಬೇರೆ ಗಾಯಗಳಿಗೆ ಜೇನು, ತುಪ್ಪ, ಎಳ್ಳಿನ ಮುದ್ದೆ ಸೇರಿಸಿದ ಬತ್ತಿ ಇಡುತ್ತಿದ್ದರು. ಜೇನಿನಲ್ಲಿ ಸಕ್ಕರೆ ಬಹಳ, ನೀರು ಕಡಿಮೆ, ಮೇಲಾಗಿ ಹುಳಿ ಗುಣ. ಅದರಲ್ಲಿ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಶಸ್ತ್ರ ಆದ ಮೇಲೆ ಗುಗ್ಗುಳ, ಬಜೆ, ಬಿಳಿ ಸಾಸಿವೆ, ಬೇವಿನ ಎಲೆಗಳ ಹೊಗೆ ಹಾಕುತ್ತಿದ್ದರು. ಅದು ರಾಕ್ಷಸರನ್ನು ಓಡಿಸಲು ಅಂತ ಗ್ರಂಥವೇ ಹೇಳುತ್ತದೆ. ಇದನ್ನು ಕ್ರಿಮಿನಾಶಕ ಅಂತ ತಿರುಗಿಸಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಕ್ಟೀರಿಯಾ ಅನ್ನುವ ಕಲ್ಪನೆ ಅವರಿಗೆ ಇರಲಿಲ್ಲ. ಹಾಗೆಯೇ ಮೂಗಿನ ಗಾಯ ಹಸಿಯಿರುವಾಗಲೇ ಭೇದಿ ಮಾಡಿಸುವುದು ವಾತ, ಪಿತ್ತ, ಕಫಗಳ ಲೆಕ್ಕದಿಂದ ಬಂದ ಕ್ರಮ. ಅದರಿಂದ ಗಾಯಕ್ಕೆ ಲಾಭ ಆಯಿತು ಅಂತ ಹೇಳಲು ನನ್ನ ಹತ್ತಿರ ಕಾರಣ ಇಲ್ಲ. ಒಂದೇ ನಾಲ್ಕು ಸಾಲಿನಲ್ಲಿ ಅಪ್ಪಟ ಅನುಭವದ ಮಾತೂ ಇದೆ, ಆ ಕಾಲದ ಸಿದ್ಧಾಂತವೂ ಇದೆ. ಎರಡನ್ನೂ ಬೇರೆ ಮಾಡಿ ಓದಬೇಕು.

ರಕ್ತ ನಿಲ್ಲಿಸಲು ನಾಲ್ಕು ದಾರಿ ಹೇಳಿದ್ದಾರೆ. ಒಗರು ಕಷಾಯದಿಂದ ಕೂಡಿಸುವುದು, ತಣ್ಣಗೆ ಮಾಡಿ ಹೆಪ್ಪುಗಟ್ಟಿಸುವುದು, ಬೂದಿಯಿಂದ ಒಣಗಿಸುವುದು, ಇದ್ಯಾವುದಕ್ಕೂ ಬಗ್ಗದಿದ್ದರೆ ಸುಟ್ಟು ನಾಳ ಮುಚ್ಚುವುದು. ಮೊದಲು ಸೌಮ್ಯವಾದದ್ದು, ಕೊನೆಗೆ ಬೆಂಕಿ. ಇದೇ ಕ್ರಮವನ್ನು ಇವತ್ತಿನ ಆಪರೇಷನ್ ಥಿಯೇಟರಿನಲ್ಲೂ ನೋಡಬಹುದು, ಬೆಂಕಿಯ ಬದಲು ವಿದ್ಯುತ್ತಿನ ಉಪಕರಣ ಇರುತ್ತದೆ ಅಷ್ಟೇ.

ಇಷ್ಟೆಲ್ಲ ಪುಸ್ತಕದಲ್ಲಿದೆ ಸರಿ, ಯಾರಾದರೂ ನಿಜಕ್ಕೂ ಮಾಡಿದ್ದನ್ನು ಕಣ್ಣಾರೆ ಕಂಡವರಿದ್ದಾರಾ? ಇದ್ದಾರೆ, ಮತ್ತು ಆ ಕತೆ ನಮ್ಮ ಶ್ರೀರಂಗಪಟ್ಟಣದಿಂದಲೇ ಶುರುವಾಗುತ್ತದೆ.

ಕಾವಸ್‌ಜಿ ಎಂಬಾತ ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ. 1792ರ ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕಿದ. ಟಿಪ್ಪು ಸುಲ್ತಾನನ ಕಡೆಯವರು ಅವನ ಮೂಗು ಮತ್ತು ಒಂದು ಕೈ ಕತ್ತರಿಸಿದರು ಅಂತ ಇಂಗ್ಲಿಷರ ವರದಿ ಹೇಳುತ್ತದೆ. ಸುಮಾರು ಒಂದು ವರ್ಷ ಅವನು ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಒಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮಾಡಿದವನು ಇಟ್ಟಿಗೆ ಸುಡುವ ಜಾತಿಯವನು. ಇಂಥ ಚಿಕಿತ್ಸೆಯನ್ನು ಬಾಂಬೆ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ನೋಡಿದ್ದರು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ 1794ರ ಜನವರಿಯಲ್ಲಿ ಕಾವಸ್‌ಜಿಯ ಚಿತ್ರ ಬರೆದ. ಅದೇ ವರ್ಷ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಚಿತ್ರದ ಸಮೇತ ವಿವರ ಅಚ್ಚಾಯಿತು.

ವಿವರ ಹೀಗಿದೆ. ಎಲೆಯ ಬದಲು ತೆಳುವಾದ ಮೇಣದ ತಟ್ಟೆಯನ್ನು ಮೂಗಿನ ಆಕಾರಕ್ಕೆ ತಟ್ಟಿಕೊಂಡರು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಆ ಗೆರೆಯಂತೆ ಹಣೆಯ ಚರ್ಮವನ್ನು ಬಿಡಿಸಿದರು. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟರು. ಮೂಗಿನ ಮಾಯ್ದ ಅಂಚನ್ನು ಕೊಯ್ದು ಹಸಿ ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಆ ಗಾಯಕ್ಕೆ ಕೂರಿಸಿದರು. ಹೊಲಿಗೆ ಹಾಕಲಿಲ್ಲ. ವೀಳ್ಯಕ್ಕೆ ಹಾಕುತ್ತೇವಲ್ಲ, ಆ ಕಾಚನ್ನು ನೀರಲ್ಲಿ ಮೆತ್ತಗೆ ಮಾಡಿ ಬಟ್ಟೆಯ ಪಟ್ಟಿಗಳಿಗೆ ಸವರಿದರು. ಅಂಥ ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಕೂಡಿದ ಜಾಗಕ್ಕೆ ಹಾಕಿದರು. ನಾಲ್ಕು ದಿನ ಬೇರೇನೂ ಹಾಕಲಿಲ್ಲ. ಆಮೇಲೆ ಅದನ್ನು ತೆಗೆದು ತುಪ್ಪದಲ್ಲಿ ನೆನೆಸಿದ ಬಟ್ಟೆ ಇಟ್ಟರು. ಐದಾರು ದಿನ ರೋಗಿ ಅಂಗಾತ ಮಲಗಿರಬೇಕಿತ್ತು. ಹತ್ತನೇ ದಿನ ಹೊಳ್ಳೆ ಮುಚ್ಚದಂತೆ ಮೆತ್ತಗಿನ ಬಟ್ಟೆಯ ಚೂರು ತುರುಕಿದರು. ಸುಮಾರು 25ನೇ ದಿನಕ್ಕೆ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದರು.

ಇದನ್ನು ಗ್ರಂಥದ ಜೊತೆ ಇಟ್ಟು ನೋಡಿ. ಅಳತೆ ತಗೊಳ್ಳುವುದು, ಅಂಚು ಹಸಿ ಮಾಡುವುದು, ಸೇತುವೆ ಉಳಿಸುವುದು, ಹೊಳ್ಳೆ ತೆರೆದಿಡುವುದು, ಕೊನೆಗೆ ಕತ್ತರಿಸುವುದು, ಐದೂ ಇವೆ. ಆದರೆ ಚರ್ಮ ಕೆನ್ನೆಯದಲ್ಲ, ಹಣೆಯದು. ಹಣೆಯ ವಿಧಾನ ಸುಶ್ರುತ ಸಂಹಿತೆಯಲ್ಲಿ ಇಲ್ಲ. ವಾಟ್ಸಾಪಿನಲ್ಲಿ ಬರುವ ಸಂದೇಶಗಳು ಇವೆರಡನ್ನೂ ಬೆರೆಸಿಬಿಡುತ್ತವೆ. ಹಣೆಯ ಚರ್ಮದ ವಿಧಾನ ಪುಣೆಯ ಘಟನೆಗಿಂತ ಒಂದು ಶತಮಾನ ಮೊದಲೇ ಬಳಕೆಯಲ್ಲಿತ್ತು. 17ನೇ ಶತಮಾನದಲ್ಲಿ ಭಾರತದಲ್ಲಿದ್ದ ಇಟಲಿಯ ನಿಕೊಲಾವೊ ಮನುಚ್ಚಿ, ಬಿಜಾಪುರದ ಯುದ್ಧದ ಸಂದರ್ಭದಲ್ಲಿ ಮೂಗು ಕಳೆದುಕೊಂಡವರಿಗೆ ಇಲ್ಲಿನ ವೈದ್ಯರು ಹುಬ್ಬಿನ ಮೇಲಿನ ಚರ್ಮ ಇಳಿಸಿ, ತಿರುಚಿ, ಮೂಗು ಮಾಡುತ್ತಿದ್ದರು ಅಂತ ಬರೆದಿದ್ದಾನೆ.

ಕೆನ್ನೆ ಬಿಟ್ಟು ಹಣೆಗೆ ಯಾಕೆ ಹೋದರು? ಬರೆದಿಟ್ಟ ಕಾರಣ ಇಲ್ಲ. ಆದರೆ ಈ ಕೆಲಸ ಮಾಡುವವರಿಗೆ ಅದು ಗೊತ್ತಾಗುತ್ತದೆ. ಹುಬ್ಬಿನ ಒಳತುದಿಯಿಂದ ಒಂದು ಗಟ್ಟಿ ರಕ್ತನಾಳ ನೇರ ಹಣೆಗೆ ಏರುತ್ತದೆ. ಸೇತುವೆ ಅದರ ಮೇಲೇ ಬಿದ್ದರೆ ಬೆರಳಗಲದ ಪಟ್ಟಿಯೂ ಇಡೀ ಮೂಗನ್ನು ಸಾಕುತ್ತದೆ. ಹಣೆಯ ಚರ್ಮದ ಬಣ್ಣ, ದಪ್ಪ ಮೂಗಿಗೆ ಹತ್ತಿರ. ಕೆನ್ನೆಯ ಚರ್ಮ ಮೆತ್ತಗೆ, ಮಾಯುವಾಗ ಕುಗ್ಗುತ್ತದೆ, ಗಂಡಸರಿಗೆ ಗಡ್ಡದ ಕೂದಲೂ ಬರಬಹುದು.

ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಇದೇ ಚಿಕಿತ್ಸೆ ಮಾಡಿದ. 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅಲ್ಲಿಂದ ಯುರೋಪಿಗೆಲ್ಲ ಹಬ್ಬಿತು. ಈಗಲೂ ಕ್ಯಾನ್ಸರ್‌ನಿಂದ ಮೂಗು ಹೋದವರಿಗೆ ಹಣೆಯ ಚರ್ಮವೇ ಮೊದಲ ಆಯ್ಕೆ, ಸೇತುವೆ ಕತ್ತರಿಸುವುದು ಈಗಲೂ ಸುಮಾರು ಮೂರು ವಾರಕ್ಕೆ.

ಪುಣೆಯ ಮನುಷ್ಯ ವೈದ್ಯನಲ್ಲ, ಇಟ್ಟಿಗೆ ಸುಡುವವರ ಪೈಕಿಯವನು ಅನ್ನುವುದನ್ನು ಗಮನಿಸಿದಿರಾ? ಓದಿದ ವೈದ್ಯರು ಅಷ್ಟು ಹೊತ್ತಿಗೆ ಶಸ್ತ್ರ ಕೆಳಗಿಟ್ಟು ನಾಡಿ, ಕಷಾಯ, ಲೇಹ್ಯಕ್ಕೆ ನಿಂತಿದ್ದರು. ಕೊಯ್ಯುವ ಕೆಲಸ ಗ್ರಂಥ ಓದದ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಇಳಿದಿತ್ತು. ಓದಿಲ್ಲದೆ ಅಭ್ಯಾಸ ಇರುವವನು, ಅಭ್ಯಾಸವಿಲ್ಲದೆ ಓದಿರುವವನು, ಇಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳು ಅಂತ ಸುಶ್ರುತ ಸಂಹಿತೆಯೇ ಹೇಳಿತ್ತು. ಆಗಿದ್ದು ಅದೇ. ಈ ಕಸುಬಿನವರ ಹೆಸರು ಕೂಡ ನಮಗೆ ಉಳಿದಿಲ್ಲ ಅನ್ನುವುದು ನನಗೆ ನಿಜವಾಗಿ ನೋವು ತರುವ ಸಂಗತಿ.

ಇನ್ನು ಮಿತಿ. ಮೂಗಿನಲ್ಲಿ ಗೆದ್ದ ವಿಧಾನ ಎಲ್ಲ ಕಡೆ ಗೆಲ್ಲುತ್ತಿರಲಿಲ್ಲ. ಮುಖದ ಚರ್ಮಕ್ಕೆ ರಕ್ತ ಧಾರಾಳ, ಆದ್ದರಿಂದ ಕೊಳೆ ತಾಗಿದರೂ ಗಾಯ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕೀವಾದರೂ ಹೊರಗೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ದೇಹದ ಒಳಗೆ ಕೈ ಹಾಕಿದರೆ ಕತೆ ಬೇರೆ. ಇದು ಅವರಿಗೇ ಚೆನ್ನಾಗಿ ಗೊತ್ತಿತ್ತು ಅನ್ನುವುದಕ್ಕೆ ಮೂತ್ರಕೋಶದ ಕಲ್ಲಿನ ಅಧ್ಯಾಯ ನೋಡಬೇಕು.

ಅಲ್ಲಿ ವೈದ್ಯ ಎಣ್ಣೆ ಹಚ್ಚಿದ ಎಡಗೈ ಬೆರಳುಗಳನ್ನು ಗುದದೊಳಗೆ ತೂರಿಸಿ, ಕಲ್ಲನ್ನು ಒಳಗಿನಿಂದ ಕೆಳಕ್ಕೆ ಒತ್ತಿ ತರುತ್ತಾನೆ. ನಡುಗೆರೆಯಿಂದ ಒಂದು ಜವೆಗೋಧಿ ಕಾಳಿನಷ್ಟು ಎಡಕ್ಕೆ ಸರಿದು, ಕಲ್ಲಿನ ಗಾತ್ರಕ್ಕೆ ತಕ್ಕಷ್ಟೇ ಕೊಯ್ಯುತ್ತಾನೆ. ಕಲ್ಲು ಒಡೆಯಬಾರದು, ಚೂರೂ ಉಳಿಯಬಾರದು, ಉಳಿದರೆ ಮತ್ತೆ ಬೆಳೆಯುತ್ತದೆ ಅನ್ನುತ್ತದೆ ಗ್ರಂಥ. ಅದು ಸರಿಯಾದ ಮಾತು. ಹೆಂಗಸರಲ್ಲಿ ಗರ್ಭಕೋಶ ಹತ್ತಿರ ಇರುವುದರಿಂದ ಬೇರೆ ಎಚ್ಚರ ಹೇಳಿದ್ದಾರೆ. ಇಷ್ಟು ನಿಖರವಾಗಿ ಹೇಳುವ ಅಧ್ಯಾಯವೇ ಇದೆಲ್ಲಕ್ಕೂ ಮೊದಲು ಒಂದು ಷರತ್ತು ಹಾಕುತ್ತದೆ. ನುರಿತ ವೈದ್ಯನ ಕೈಯಲ್ಲೂ ಇದರ ಫಲ ಖಚಿತ ಇಲ್ಲ. ಹಾಗಾಗಿ ಇದು ಕೊನೆಯ ಉಪಾಯ. ಮಾಡದಿದ್ದರೆ ಸಾವು ಖಂಡಿತ, ಮಾಡಿದರೆ ಬದುಕುವುದು ಸಂಶಯ ಅನ್ನುವ ಸ್ಥಿತಿ ಇದ್ದಾಗ, ರಾಜನ ಅನುಮತಿ ಕೇಳಿಕೊಂಡೇ ಕೈ ಹಾಕಬೇಕು.

ಶರೀರದ ಒಳರಚನೆಯ ತಿಳಿವಿಗೂ ಮಿತಿ ಇತ್ತು. ಹೆಣವನ್ನು ಹುಲ್ಲು, ನಾರಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಸಿ, ಆಮೇಲೆ ಲಾವಂಚದ ಬೇರು, ಬಿದಿರಿನ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡುತ್ತಿದ್ದರು. ಹೀಗೆ ಚರ್ಮದ ಪದರ, ಮಾಂಸ, ಸ್ನಾಯು, ಮೂಳೆ, ಕೀಲು ಚೆನ್ನಾಗಿ ಕಾಣುತ್ತವೆ. ಮಿದುಳು, ನರ, ಸಣ್ಣ ನಾಳಗಳಂಥ ಮೆತ್ತಗಿನವು ಅಷ್ಟು ಹೊತ್ತಿಗೆ ಕರಗಿರುತ್ತವೆ. ಸುಶ್ರುತ ಸಂಹಿತೆಯಲ್ಲಿ ಚರ್ಮದ ಪದರಗಳ, ಮೂಳೆ ಮುರಿತದ ವಿವರ ಗಟ್ಟಿಯಾಗಿದ್ದು, ಮಿದುಳು ಮತ್ತು ನರಗಳ ವಿವರ ತೆಳುವಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಹಾಗೆಯೇ ಸುಶ್ರುತನ ಮೂಗಿಗೂ, ಕಾವಸ್‌ಜಿಯ ಮೂಗಿಗೂ ಒಳಗೆ ಎಲುಬಿನ ಆಸರೆ ಇರಲಿಲ್ಲ, ಒಳಪದರವೂ ಇರಲಿಲ್ಲ. ಅಂಥ ಚರ್ಮ ತಿಂಗಳುಗಳು ಕಳೆದಂತೆ ಒಳಮುಖವಾಗಿ ಮುದುಡುತ್ತದೆ. ಮೂಗು ಚಿಕ್ಕದಾದರೆ ಬೆಳೆಸಲು ಪ್ರಯತ್ನಿಸಿ ಅಂತ ಗ್ರಂಥ ಹೇಳಿರುವುದು ಬಹುಶಃ ಇದನ್ನು ಕಂಡೇ. ಈಗ ನಾವು ಮೂಗಿನೊಳಗಿನ ತೆಳು ಪದರದಿಂದ ಒಳಗೋಡೆ ಕಟ್ಟಿ, ಕಿವಿ ಅಥವಾ ಪಕ್ಕೆಲುಬಿನ ಮೃದು ಎಲುಬಿನ ತುಂಡು ಇಟ್ಟು, ಅದರ ಮೇಲೆ ಹಣೆಯ ಚರ್ಮ ಹೊದಿಸುತ್ತೇವೆ. ಕೊಳವೆಗಳು ಹೊತ್ತ ಕೆಲಸವನ್ನು ಈಗ ಆ ತುಂಡು ಶಾಶ್ವತವಾಗಿ ಹೊರುತ್ತದೆ.